ಆಲೂಗಡ್ಡೆ ಚಿಪ್ಸ್ ಎರಡು ಬಾರಿ ಕರಿಯುವ ಕ್ರಮ: ಪ್ರತಿ ಸುತ್ತಿನ ಕಾವು, ಸಮಯ ಮತ್ತು ನಡುವಿನ ಬಿಡುವು

ಈ ಬರಹದಲ್ಲಿ ಚಿಪ್ಸ್ ಎಂದರೆ ಕಾಗದದಷ್ಟು ತೆಳುವಾದ ಬಿಲ್ಲೆಗಳಲ್ಲ, ಬೆರಳಿನ ಗಾತ್ರಕ್ಕೆ ಉದ್ದುದ್ದ ಹೆಚ್ಚಿದ ದಪ್ಪ ಹೋಳುಗಳು. ತೆಳು ಬಿಲ್ಲೆಗೆ ಒಳಗು ಎಂಬುದೇ ಇಲ್ಲದಿರುವುದರಿಂದ ಅದನ್ನು ಒಂದೇ ಸಲ ಕರಿದು ಪೂರ್ತಿ ಒಣಗಿಸಿದರೆ ಕೆಲಸ ಮುಗಿಯುತ್ತದೆ. ದಪ್ಪ ಹೋಳಿನ ವಿಷಯ ಹಾಗಲ್ಲ. ಅದರ ಹೊರಪದರ ಒಣಗಿ ಗರಿಗರಿಯಾಗಬೇಕು, ಒಳಭಾಗ ತೇವವನ್ನು ಉಳಿಸಿಕೊಂಡು, ಬೇಯಿಸಿ ಪುಡಿ ಮಾಡಿದ ಗಡ್ಡೆಯಂತೆ ಹಗುರವಾಗಿ, ಮೆತ್ತಗೆ ಇರಬೇಕು. ಒಂದೇ ಹೋಳಿನಲ್ಲಿ ಕೆಲವೇ ಮಿಲಿಮೀಟರ್ ಅಂತರದಲ್ಲಿ ಇರಬೇಕಾದ ಈ ಎರಡು ಗುಣಗಳು ಎರಡು ಬೇರೆ ಬೇರೆ ಕಾವನ್ನು ಬೇಡುತ್ತವೆ.

12 ಮಿಲಿಮೀಟರ್ ದಪ್ಪದ ಹಸಿ ಹೋಳನ್ನು ನೇರವಾಗಿ 180 ಡಿಗ್ರಿ ಸೆಲ್ಸಿಯಸ್ ಕಾದ ಎಣ್ಣೆಗೆ ಬಿಟ್ಟರೆ ನಾಲ್ಕೈದು ನಿಮಿಷಗಳಲ್ಲಿ ಹೊರಗೆ ಬಣ್ಣ ಬಂದುಬಿಡುತ್ತದೆ, ಆದರೆ ನಡುವಿನಲ್ಲಿ ಕಚ್ಚಿದಾಗ ಹಲ್ಲಿಗೆ ಸಿಗುವ ಹಸಿ ಗಟ್ಟಿತನ ಉಳಿದಿರುತ್ತದೆ. ಅದೇ ಹೋಳನ್ನು 135 ಡಿಗ್ರಿಯಲ್ಲೇ ಕೊನೆಯವರೆಗೂ ಇಟ್ಟರೆ ಒಳಗು ಚೆನ್ನಾಗಿ ಬೇಯುತ್ತದೆ, ಆದರೆ ಹೊರಗು ಬಿಳಚಿಕೊಂಡು, ತೊಗಲಿನಂತೆ ಜಗ್ಗುತ್ತದೆ, ಎಣ್ಣೆಯೂ ಹೆಚ್ಚು ಹಿಡಿಯುತ್ತದೆ. ಆದ್ದರಿಂದ ಮೊದಲ ಸುತ್ತು ಬೇಯಿಸುವುದಕ್ಕೆ, ಎರಡನೆಯ ಸುತ್ತು ಗರಿಗರಿ ಮಾಡುವುದಕ್ಕೆ ಎಂದು ಕೆಲಸವನ್ನು ಹಂಚಿಕೊಳ್ಳಬೇಕಾಗುತ್ತದೆ. ಇಷ್ಟನ್ನು ಅನೇಕರು ಬಲ್ಲರು. ಆದರೆ ಈ ಎರಡು ಸುತ್ತುಗಳ ನಡುವೆ ಹೋಳುಗಳು ಎಣ್ಣೆಯಿಂದ ಹೊರಗೆ, ಗಾಳಿಯಲ್ಲಿ ಕಳೆಯುವ ಅರ್ಧ ಗಂಟೆಯೂ ಅಡುಗೆಯ ಒಂದು ಹಂತವೇ ಎಂಬುದನ್ನು ಬಹಳ ಮಂದಿ ಗಮನಿಸುವುದಿಲ್ಲ. ನನ್ನ ಅನುಭವದಲ್ಲಿ ಮನೆಯ ಚಿಪ್ಸ್ ಕೆಡುವುದು ಹೆಚ್ಚಾಗಿ ಆ ಅರ್ಧ ಗಂಟೆಯನ್ನು ಕದ್ದಾಗಲೇ.

ಗಡ್ಡೆಯ ಆಯ್ಕೆ

ಬೆಂದಾಗ ಹಿಟ್ಟುಹಿಟ್ಟಾಗಿ ಬಿರಿಯುವ, ಪಿಷ್ಟ ಹೆಚ್ಚಿರುವ ಗಡ್ಡೆ ಇದಕ್ಕೆ ತಕ್ಕದ್ದು. ಬೆಂದರೂ ಆಕಾರ ಬಿಡದೆ ಮೇಣದಂತೆ ನುಣ್ಣಗಿರುವ ಜಾತಿಯಲ್ಲಿ ನೀರಿನಂಶ ಹೆಚ್ಚು. ಅದನ್ನು ಎಷ್ಟು ಜೋಪಾನವಾಗಿ ಕರಿದರೂ ಹೊರಪದರ ಗಟ್ಟಿಯಾಗುವ ಮೊದಲೇ ಒಳಗಿನ ನೀರು ಅದನ್ನು ಮತ್ತೆ ನೆನೆಸಿಬಿಡುತ್ತದೆ. ಹೊಸ ಗಡ್ಡೆ, ಅಂದರೆ ಉಗುರಿನಿಂದ ಉಜ್ಜಿದರೆ ಸಿಪ್ಪೆ ಸುಲಿದು ಬರುವ ಎಳೆಯ ಗಡ್ಡೆಯೂ ಇದೇ ಕಾರಣಕ್ಕೆ ಒಗ್ಗುವುದಿಲ್ಲ.

ಕೈಯಲ್ಲಿರುವ ಗಡ್ಡೆ ಯಾವ ಬಗೆಯದೆಂದು ತಿಳಿಯದಿದ್ದರೆ ಉಪ್ಪುನೀರಿನ ಪರೀಕ್ಷೆ ಮಾಡಬಹುದು. ಒಂದು ಲೋಟ ಉಪ್ಪಿಗೆ ಅದೇ ಲೋಟದಲ್ಲಿ ಹನ್ನೊಂದು ಲೋಟ ನೀರು ಸೇರಿಸಿ ಕರಗಿಸಿ, ತೊಳೆದ ಗಡ್ಡೆಗಳನ್ನು ಅದರಲ್ಲಿ ಬಿಡಬೇಕು. ಪಿಷ್ಟ ಹೆಚ್ಚಿರುವ ಗಡ್ಡೆ ಭಾರವಾಗಿದ್ದು ಮುಳುಗುತ್ತದೆ, ನೀರಿನಂಶ ಹೆಚ್ಚಿರುವುದು ತೇಲುತ್ತದೆ. ಒಂದೇ ಚೀಲದಿಂದ ತೆಗೆದ ಗಡ್ಡೆಗಳಲ್ಲೂ ಕೆಲವು ತೇಲಿ ಕೆಲವು ಮುಳುಗುವುದುಂಟು. ತೇಲಿದವನ್ನು ಬೇರೆ ಅಡುಗೆಗೆ ಎತ್ತಿಡುವುದು ಲೇಸು.

ಫ್ರಿಜ್ಜಿನಲ್ಲಿಟ್ಟ ಗಡ್ಡೆಯನ್ನು ಚಿಪ್ಸ್‌ಗೆ ಬಳಸಲೇಬಾರದು. ತಂಪಿನಲ್ಲಿ ಗಡ್ಡೆಯು ತನ್ನ ಪಿಷ್ಟದ ಒಂದು ಪಾಲನ್ನು ಸಕ್ಕರೆಯಾಗಿ ಮಾರ್ಪಡಿಸಿಕೊಳ್ಳುತ್ತದೆ. ಸುಮಾರು 7 ಡಿಗ್ರಿಗಿಂತ ಕೆಳಗಿನ ತಂಪಿನಲ್ಲಿ ಇದು ಬೇಗ ನಡೆಯುತ್ತದೆ, ಫ್ರಿಜ್ಜಿನ ಒಳಗೆ ಇರುವುದು ಇನ್ನೂ ಕಡಿಮೆ. ಈ ಸಕ್ಕರೆಯೇ ಬಿಸಿ ಎಣ್ಣೆಯಲ್ಲಿ ಕಂದು ಬಣ್ಣಕ್ಕೆ ತಿರುಗುವುದು. ಒಮ್ಮೆ ನಾನು ಹತ್ತು ದಿನ ಫ್ರಿಜ್ಜಿನಲ್ಲಿದ್ದ ಗಡ್ಡೆಗಳನ್ನು ಉಳಿದೆಲ್ಲ ಕ್ರಮವನ್ನು ತಪ್ಪದೆ ಪಾಲಿಸಿ ಕರಿದೆ. ಎರಡನೆಯ ಸುತ್ತಿನಲ್ಲಿ ಒಂದು ನಿಮಿಷಕ್ಕೇ ಹೋಳುಗಳ ಅಂಚು ಕಾಫಿ ಬಣ್ಣಕ್ಕೆ ಬಂತು. ತೆಗೆದು ನೋಡಿದರೆ ಬಣ್ಣ ಮಾತ್ರ ಬಂದಿತ್ತು, ಗರಿ ಬಂದಿರಲಿಲ್ಲ, ನಾಲಿಗೆಗೆ ಕಹಿಯೊಡನೆ ಬೆರೆತ ಸಿಹಿ ಹತ್ತಿತು. ಅಂಥ ಗಡ್ಡೆಗಳನ್ನು ಎರಡು ಮೂರು ವಾರ ಹೊರಗೆ, ಕತ್ತಲಿನಲ್ಲಿ, ಗಾಳಿಯಾಡುವಂತೆ ಇಟ್ಟರೆ ಆ ಸಕ್ಕರೆಯ ಬಹುಪಾಲು ಕರಗುತ್ತದೆ. ಹಸಿರು ಬಣ್ಣ ತಿರುಗಿದ ಭಾಗವನ್ನೂ ಮೊಳಕೆಯ ಕಣ್ಣುಗಳನ್ನೂ ಆಳವಾಗಿ ಕೆತ್ತಿ ತೆಗೆಯಬೇಕು, ಹಸಿರು ಹೆಚ್ಚಿದ್ದರೆ ಗಡ್ಡೆಯನ್ನೇ ಬಿಡಬೇಕು.

ಹೆಚ್ಚುವುದು, ತೊಳೆಯುವುದು, ಒಣಗಿಸುವುದು

ಈ ಬರಹದಲ್ಲಿ ಕೊಟ್ಟಿರುವ ಸಮಯಗಳೆಲ್ಲ 12 ಮಿಲಿಮೀಟರ್ ಅಗಲ, ಅಷ್ಟೇ ದಪ್ಪದ ಹೋಳಿಗೆ ಹೊಂದುತ್ತವೆ. ಉದ್ದ ಎಷ್ಟಿದ್ದರೂ ಚಿಂತೆಯಿಲ್ಲ, ಏಕೆಂದರೆ ಕಾವು ಒಳಹೋಗುವುದು ಪಕ್ಕಗಳಿಂದ. ದಪ್ಪ ಮಾತ್ರ ಎಲ್ಲ ಹೋಳುಗಳಿಗೂ ಒಂದೇ ಇರಬೇಕು. 8 ಮಿಲಿಮೀಟರ್ ಹೋಳೂ 15 ಮಿಲಿಮೀಟರ್ ಹೋಳೂ ಒಂದೇ ಬಾಣಲೆಯಲ್ಲಿ ಬಿದ್ದರೆ ಒಂದು ಒಣಗಿ ಟೊಳ್ಳಾಗುವ ಹೊತ್ತಿಗೆ ಇನ್ನೊಂದು ಇನ್ನೂ ಬೆಂದಿರುವುದಿಲ್ಲ. ಗಡ್ಡೆಯ ಒಂದು ಪಕ್ಕವನ್ನು ತೆಳ್ಳಗೆ ಕತ್ತರಿಸಿ ಸಮತಟ್ಟು ಮಾಡಿ, ಆ ಪಕ್ಕವನ್ನು ಮಣೆಯ ಮೇಲೆ ಊರಿ, ಮೊದಲು ದಪ್ಪ ಹಲಗೆಗಳಂತೆಯೂ ಅನಂತರ ಹಲಗೆಗಳನ್ನು ಮಲಗಿಸಿ ಕಡ್ಡಿಗಳಂತೆಯೂ ಹೆಚ್ಚಿದರೆ ಅಳತೆ ತಪ್ಪುವುದಿಲ್ಲ. ಕೊನೆಯಲ್ಲಿ ಉಳಿಯುವ ಚೂಪು ತುದಿಗಳ ಚೂರುಗಳು ಎಣ್ಣೆಯಲ್ಲಿ ಸೀದು ಉಳಿದುದಕ್ಕೂ ಕಹಿ ಹಚ್ಚುವುದರಿಂದ ಅವನ್ನು ಬೇರೆ ಇಡಬೇಕು.

ಹೆಚ್ಚಿದ ಕೂಡಲೇ ಹೋಳುಗಳನ್ನು ತಣ್ಣೀರಿಗೆ ಹಾಕಬೇಕು. ಕತ್ತಿ ಹಾಯ್ದ ಕಡೆಯಲ್ಲೆಲ್ಲ ಪಿಷ್ಟ ಹೊರಗೆ ಚೆಲ್ಲಿಕೊಂಡಿರುತ್ತದೆ. ಅದು ಅಲ್ಲೇ ಉಳಿದರೆ ಎಣ್ಣೆಯಲ್ಲಿ ಅಂಟಾಗಿ ಹೋಳುಗಳನ್ನು ಒಂದಕ್ಕೊಂದು ಕಚ್ಚಿಸುತ್ತದೆ, ಒಳಗು ಬೇಯುವ ಮೊದಲೇ ಬಣ್ಣವನ್ನೂ ತರುತ್ತದೆ. ಮೊದಲ ನೀರು ಹಾಲಿನಂತೆ ಬೆಳ್ಳಗಾಗುತ್ತದೆ. ಎರಡು ಮೂರು ಬಾರಿ ನೀರು ಬದಲಿಸಿ, ಪಾತ್ರೆಯ ತಳ ಸ್ಪಷ್ಟವಾಗಿ ಕಾಣುವವರೆಗೆ ತೊಳೆದು, ಕೊನೆಯ ನೀರಿನಲ್ಲಿ ಅರ್ಧ ಗಂಟೆ ನೆನೆಯಲು ಬಿಟ್ಟರೆ ಸಾಕು. ನೆನೆಯುವಾಗ ಮೇಲ್ಭಾಗದ ಸಕ್ಕರೆಯೂ ಸ್ವಲ್ಪ ನೀರಿಗೆ ಇಳಿಯುತ್ತದೆ.

ಇನ್ನು ಒಣಗಿಸುವುದು. ಶುಭ್ರವಾದ ದಪ್ಪ ಹತ್ತಿ ಬಟ್ಟೆಯ ಮೇಲೆ ಹೋಳುಗಳನ್ನು ಒಂದೇ ಪದರವಾಗಿ ಹರಡಿ, ಮೇಲೊಂದು ಬಟ್ಟೆ ಹೊದಿಸಿ ಒತ್ತಿ, ಹತ್ತು ನಿಮಿಷ ಗಾಳಿಗೆ ಬಿಡಬೇಕು. ಬೆರಳಿಗೆ ಒದ್ದೆ ತಾಗಬಾರದು. ಮೇಲಿನ ನೀರು ಎಣ್ಣೆಗೆ ಬಿದ್ದರೆ ಸಿಡಿಯುತ್ತದೆ ಎಂಬ ಅಪಾಯ ಒಂದು ಕಡೆ. ಆ ನೀರನ್ನು ಆವಿ ಮಾಡುವುದರಲ್ಲೇ ಎಣ್ಣೆಯ ಕಾವು ಕಳೆದುಹೋಗಿ, ನಾವು ಲೆಕ್ಕ ಹಾಕಿದ ಸಮಯವೆಲ್ಲ ತಪ್ಪುತ್ತದೆ ಎಂಬುದು ಇನ್ನೊಂದು ಕಡೆ.

ಎಣ್ಣೆ ಮತ್ತು ಪಾತ್ರೆ

ಸೂರ್ಯಕಾಂತಿ ಅಥವಾ ಕಡಲೆಕಾಯಿ ಎಣ್ಣೆಯಂತಹ, ಹೊಗೆ ಬರುವ ಕಾವು 220 ಡಿಗ್ರಿಯ ಆಸುಪಾಸಿನಲ್ಲಿರುವ ಯಾವುದೇ ಶುದ್ಧೀಕರಿಸಿದ ಎಣ್ಣೆ ಆಗುತ್ತದೆ. ಪಾತ್ರೆ ಅಗಲಕ್ಕಿಂತ ಆಳವಾಗಿರಬೇಕು, ತಳ ದಪ್ಪವಾಗಿರಬೇಕು ಮತ್ತು ಎಣ್ಣೆ ಅದರ ಅರ್ಧಕ್ಕಿಂತ ಮೇಲೆ ಬರಬಾರದು. ಹೋಳುಗಳು ಬಿದ್ದ ಕೂಡಲೇ ನೊರೆ ಉಕ್ಕಿ ಬರುವುದರಿಂದ ಆ ಅರ್ಧ ಜಾಗ ಖಾಲಿಯಿರಲೇಬೇಕು. ಎಣ್ಣೆಗೆ ಬೆಂಕಿ ಹತ್ತಿದರೆ ನೀರು ಹಾಕಬಾರದು, ಪಾತ್ರೆಯನ್ನು ಎತ್ತಿ ಸಾಗಿಸಲೂ ಬಾರದು. ಉರಿಯನ್ನು ಆರಿಸಿ, ಮುಚ್ಚಳವನ್ನು ಪಕ್ಕದಿಂದ ಸರಿಸಿ ಮುಚ್ಚಿ, ತಣ್ಣಗಾಗುವವರೆಗೆ ಹಾಗೆಯೇ ಬಿಡಬೇಕು. ಅದಕ್ಕಾಗಿ ಸರಿಹೊಂದುವ ಮುಚ್ಚಳವೊಂದು ಒಲೆ ಹಚ್ಚುವ ಮೊದಲೇ ಕೈಗೆಟಕುವಂತಿರಲಿ.

ಎಣ್ಣೆಯ ಕಾವು ಅಳೆಯುವ ಥರ್ಮಾಮೀಟರ್ ಇದ್ದರೆ ಅರ್ಧ ಕಷ್ಟ ಕಳೆದಂತೆ. ಅದರ ಮೂತಿ ಪಾತ್ರೆಯ ತಳವನ್ನು ಮುಟ್ಟದೆ ಎಣ್ಣೆಯ ನಡುವೆ ನಿಲ್ಲಬೇಕು. ಇಲ್ಲದವರು ಹೋಳಿನ ನಡವಳಿಕೆಯನ್ನೇ ನೋಡಿ ತಿಳಿಯಬಹುದು, ಅದನ್ನು ಆಯಾ ಸುತ್ತಿನಲ್ಲಿ ಹೇಳುತ್ತೇನೆ.

ಮೊದಲ ಸುತ್ತು: 130ರಿಂದ 135 ಡಿಗ್ರಿ, 7 ನಿಮಿಷ

ಈ ಸುತ್ತಿನಲ್ಲಿ ಬಣ್ಣ ಬರಬಾರದು, ಒಳಗು ಪೂರ್ತಿ ಬೇಯಬೇಕು. ಗಡ್ಡೆಯ ಪಿಷ್ಟದ ಕಣಗಳು 60ರಿಂದ 70 ಡಿಗ್ರಿಯ ನಡುವೆ ನೀರು ಹೀರಿ ಉಬ್ಬುತ್ತವೆ. ಒಳಗೆ ನೀರು ಇರುವವರೆಗೂ ಹೋಳಿನ ನಡುಭಾಗದ ಕಾವು 100 ಡಿಗ್ರಿಯನ್ನು ದಾಟುವುದಿಲ್ಲ, ಆದ್ದರಿಂದ ಎಣ್ಣೆ ಎಷ್ಟೇ ಬಿಸಿಯಿದ್ದರೂ ನಡುಭಾಗ ಬೇಗ ಬೇಯುವುದಿಲ್ಲ. ಕಾವು ಪದರ ಪದರವಾಗಿ ಒಳಗೆ ಇಳಿಯಲು ಅದಕ್ಕೆ ಬೇಕಾದಷ್ಟು ಹೊತ್ತು ಬೇಕೇ ಬೇಕು, ಆ ಹೊತ್ತಿನಲ್ಲಿ ಹೊರಗು ಕಂದದೆ ಉಳಿಯಬೇಕಾದರೆ ಎಣ್ಣೆ ಸೌಮ್ಯವಾಗಿರಬೇಕು.

ಹೋಳು ಬಿದ್ದೊಡನೆ ಎಣ್ಣೆಯ ಕಾವು ಇಳಿಯುವುದರಿಂದ ಮೊದಲಿಗೆ 150 ಡಿಗ್ರಿಗೆ ಕಾಯಿಸಬೇಕು. ಎರಡು ಲೀಟರ್ ಎಣ್ಣೆಗೆ 400 ಗ್ರಾಂ ಹೋಳು ಬಿಟ್ಟಾಗ ಅದು ಸುಮಾರು 130ಕ್ಕೆ ಬಂದು ನಿಲ್ಲುತ್ತದೆ. ಅಲ್ಲಿಂದ ಉರಿಯನ್ನು ಮಧ್ಯಮಕ್ಕೂ ಸಣ್ಣಕ್ಕೂ ನಡುವೆ ಹೊಂದಿಸುತ್ತಾ 130 ಮತ್ತು 135ರ ನಡುವೆ ಹಿಡಿದಿಡಬೇಕು. ಥರ್ಮಾಮೀಟರ್ ಇಲ್ಲದವರು ಒಂದು ಹೋಳನ್ನು ಮೊದಲು ಬಿಟ್ಟು ನೋಡಲಿ. ಸರಿಯಾದ ಕಾವಿನಲ್ಲಿ ಅದು ತಳಕ್ಕೆ ಇಳಿದು, ಸುತ್ತಲೂ ಸಣ್ಣ ಗುಳ್ಳೆಗಳನ್ನು ನಿಧಾನವಾಗಿ ಬಿಡುತ್ತದೆ, ಸದ್ದು ಮೆಲ್ಲಗೆ ಪಿಸುಗುಟ್ಟಿದಂತಿರುತ್ತದೆ. ಜೋರಾಗಿ ಚುರ್ರೆಂದರೆ ಎಣ್ಣೆ ಹೆಚ್ಚು ಕಾದಿದೆ.

ಮೊದಲ ಎರಡು ನಿಮಿಷ ಹೋಳುಗಳನ್ನು ಕದಡಬಾರದು. ಅನಂತರ ಜಾಲರಿ ಸೌಟಿನಿಂದ ಒಂದೆರಡು ಬಾರಿ ಮೆಲ್ಲಗೆ ಸರಿಸಿ ಬಿಡಿಸಿದರೆ ಸಾಕು. ಐದನೆಯ ನಿಮಿಷದ ಹೊತ್ತಿಗೆ ಹೋಳುಗಳು ಬಾಗತೊಡಗುತ್ತವೆ, ಆರನೆಯ ನಿಮಿಷದಿಂದ ಅವುಗಳನ್ನು ಕೈಬಿಡದೆ ಪರೀಕ್ಷಿಸಬೇಕು. ಒಂದನ್ನು ತೆಗೆದು ತುದಿ ಹಿಡಿದು ಅಡ್ಡಲಾಗಿ ಎತ್ತಿದರೆ ಅದು ತನ್ನ ಭಾರಕ್ಕೆ ತುಸು ಬಾಗಬೇಕು, ಆದರೆ ಮುರಿಯಬಾರದು. ಚಾಕುವಿನ ತುದಿ ನಡುವಿನವರೆಗೆ ಅಡ್ಡಿಯಿಲ್ಲದೆ ಹೋಗಬೇಕು. ಎರಡು ಬೆರಳುಗಳ ನಡುವೆ ಒತ್ತಿದರೆ ಒಳಗು ಹಿಸುಕಿಕೊಳ್ಳಬೇಕು. ಬಣ್ಣ ಹಸಿ ಗಡ್ಡೆಯದಕ್ಕಿಂತ ಸ್ವಲ್ಪ ಹಳದಿ ಅಷ್ಟೆ, ಅಂಚಿನಲ್ಲೂ ಕಂದಿರಬಾರದು. ಹೀಗಾಗಲು ಪಿಷ್ಟ ಹೆಚ್ಚಿರುವ ಗಡ್ಡೆಗೆ ಆರೂವರೆ ನಿಮಿಷ, ಸ್ವಲ್ಪ ಬಿರುಸಾದ ಗಡ್ಡೆಗೆ ಎಂಟು ನಿಮಿಷ ಹಿಡಿಯಬಹುದು. 10 ಮಿಲಿಮೀಟರ್ ಹೋಳಿಗೆ ಐದೂವರೆ ನಿಮಿಷದಿಂದಲೇ ನೋಡತೊಡಗಬೇಕು. ಅನುಮಾನವಿದ್ದರೆ ಗಡಿಯಾರಕ್ಕಿಂತ ಚಾಕುವಿನ ತುದಿಯನ್ನು ನಂಬಬೇಕು, ಏಕೆಂದರೆ ಇಲ್ಲಿ ಬೇಯದೆ ಉಳಿದದ್ದು ಮುಂದಿನ ಸುತ್ತಿನಲ್ಲಿ ಬೇಯುವುದಿಲ್ಲ.

ನಡುವಿನ ಬಿಡುವು: ಕನಿಷ್ಠ 30 ನಿಮಿಷ

ಹೋಳುಗಳನ್ನು ಎತ್ತಿದೊಡನೆ ಜಾಲರಿಯನ್ನು ಎಣ್ಣೆಯ ಮೇಲೆಯೇ ಹಿಡಿದು ಐದಾರು ಬಾರಿ ಕುಲುಕಬೇಕು. ಕರಿದ ಪದಾರ್ಥಕ್ಕೆ ಎಣ್ಣೆ ಇಳಿಯುವುದು ಬಾಣಲೆಯೊಳಗಿರುವಾಗ ಅಲ್ಲ, ಹೊರಗೆ ತೆಗೆದ ಮೇಲೆಯೇ ಹೆಚ್ಚು. ಎಣ್ಣೆಯಲ್ಲಿರುವಾಗ ಒಳಗಿನಿಂದ ಹಬೆ ನುಗ್ಗಿ ಬರುತ್ತಿರುವುದರಿಂದ ಎಣ್ಣೆಗೆ ಒಳಹೋಗಲು ಎಡೆಯಿಲ್ಲ. ತೆಗೆದ ಮೇಲೆ ಹೋಳು ತಣಿದು, ರಂಧ್ರಗಳಲ್ಲಿದ್ದ ಹಬೆ ನೀರಾಗಿ ಕುಗ್ಗಿದಾಗ ಮೇಲ್ಮೈಗೆ ಅಂಟಿದ್ದ ಎಣ್ಣೆ ಒಳಕ್ಕೆ ಸೆಳೆಯಲ್ಪಡುತ್ತದೆ. ಅಷ್ಟರೊಳಗೆ ಮೇಲಿನ ಎಣ್ಣೆಯನ್ನು ಉದುರಿಸಿಬಿಟ್ಟರೆ ಒಳಗೆ ಸೇರುವುದು ಕಡಿಮೆಯಾಗುತ್ತದೆ. ಎರಡನೆಯ ಸುತ್ತಿನ ಕೊನೆಗೂ ಇದೇ ಮಾತು.

ಅನಂತರ ಹೋಳುಗಳನ್ನು ತಟ್ಟೆಯಲ್ಲಿ ರಾಶಿ ಹಾಕದೆ, ಕೆಳಗಿನಿಂದಲೂ ಗಾಳಿಯಾಡುವ ತಂತಿ ಜಾಲರಿಯ ಮೇಲೆ ಒಂದಕ್ಕೊಂದು ತಾಗದಂತೆ ಹರಡಬೇಕು. ಮುಚ್ಚಬಾರದು. ಮೊದಲ ಐದು ನಿಮಿಷ ಅವುಗಳಿಂದ ಹಬೆ ಏಳುವುದು ಕಣ್ಣಿಗೆ ಕಾಣುತ್ತದೆ. ಆ ಹೊತ್ತಿನಲ್ಲಿ ಮುಚ್ಚಿದರೆ ಅದೇ ಹಬೆ ಮುಚ್ಚಳಕ್ಕೆ ತಾಗಿ ಹನಿಯಾಗಿ ಮತ್ತೆ ಹೋಳಿನ ಮೇಲೆಯೇ ಬೀಳುತ್ತದೆ.

ಈ ಅರ್ಧ ಗಂಟೆಯಲ್ಲಿ ಆಗುವುದು ಮುಖ್ಯವಾಗಿ ಎರಡು ಕೆಲಸ. ಉಬ್ಬಿದ ಪಿಷ್ಟ ಹೊರಪದರದಲ್ಲಿ ತಣಿದು ಬಿಗಿಯಾಗಿ, ಮುಂದೆ ಗರಿಯಾಗಬೇಕಾದ ಒಂದು ತೆಳುಪೊರೆಯಾಗಿ ನಿಲ್ಲುತ್ತದೆ. ಜೊತೆಗೆ, ಮೊದಲ ಸುತ್ತಿನಲ್ಲಿ ಹೊರಗು ಒಣಗಿ ಒಳಗು ಒದ್ದೆಯಾಗಿ ಉಳಿದಿದ್ದರಿಂದ ಒಳಗಿನ ತೇವ ನಿಧಾನವಾಗಿ ಹೊರಕ್ಕೆ ಸರಿದು, ಗಾಳಿಗೆ ಆರಿಹೋಗುತ್ತದೆ. ಬಿಸಿ ಹೋಳನ್ನು ಹಾಗೆಯೇ ಮರುಕ್ಷಣ ಬಿಸಿ ಎಣ್ಣೆಗೆ ಹಾಕಿದರೆ ಹೊರಪದರ ಗಟ್ಟಿಯಾಗುವ ಮೊದಲೇ ಒಳಗಿನ ಹಬೆ ಒತ್ತಿ ಬಂದು ಅದನ್ನು ಮೆತ್ತಗೆ ಮಾಡುತ್ತಿರುತ್ತದೆ, ಹೋಳು ಬಾಣಲೆಯಿಂದ ಬಂದಾಗ ಗರಿಯಾಗಿ ಕಂಡರೂ ಎರಡು ನಿಮಿಷಕ್ಕೆ ಸೊರಗುತ್ತದೆ.

ಇದನ್ನು ನಾನು ಪಕ್ಕಪಕ್ಕದಲ್ಲಿ ಇಟ್ಟು ನೋಡಿದ್ದೇನೆ. ಒಂದೇ ಗಡ್ಡೆಯ ಅರ್ಧದಷ್ಟು ಹೋಳುಗಳನ್ನು ಐದು ನಿಮಿಷಕ್ಕೇ ಎರಡನೆಯ ಎಣ್ಣೆಗೆ ಬಿಟ್ಟು, ಉಳಿದ ಅರ್ಧವನ್ನು ನಲವತ್ತು ನಿಮಿಷ ಆರಿಸಿ ಬಿಟ್ಟೆ. ನಲವತ್ತು ನಿಮಿಷ ಆರಿದ ಹೋಳುಗಳ ಮೈ ಎಣ್ಣೆಗೆ ಬೀಳುವ ಮೊದಲೇ ಬೇರೆಯಾಗಿತ್ತು. ಹೊಳಪು ಹೋಗಿ ಮಂಕಾಗಿ, ಮುಟ್ಟಿದರೆ ಒಣ ಕಾಗದದಂತೆ ಒರಟಾಗಿ, ಅಂಚುಗಳಲ್ಲಿ ಕೂದಲೆಳೆಯಂಥ ಬಿರುಕುಗಳು ಮೂಡಿದ್ದವು. ಕರಿದ ಮೇಲೆ ಎರಡನ್ನೂ ತಟ್ಟೆಯಲ್ಲಿ ಹತ್ತು ನಿಮಿಷ ಬಿಟ್ಟು ಮುರಿದೆ. ಬೇಗ ಕರಿದದ್ದು ಸದ್ದಿಲ್ಲದೆ ಬಾಗಿ ಹರಿಯಿತು. ಆರಿಸಿ ಕರಿದದ್ದು ಚಟ್ಟೆಂದು ಮುರಿದು, ಒಳಗಿನಿಂದ ಬೆಳ್ಳಗಿನ ಹಿಟ್ಟು ಬಿರಿದುಬಂತು.

ಸಮಯವಿದ್ದರೆ ಬಿಡುವನ್ನು ಇನ್ನೂ ಹಿಗ್ಗಿಸಬಹುದು. ಪೂರ್ತಿ ತಣಿದ ಹೋಳುಗಳನ್ನು ಮುಚ್ಚದೆ ಫ್ರಿಜ್ಜಿನಲ್ಲಿ ರಾತ್ರಿಯಿಡೀ ಇಟ್ಟರೆ ಅಲ್ಲಿನ ಒಣ ಗಾಳಿ ಹೊರಪದರವನ್ನು ಮತ್ತಷ್ಟು ಆರಿಸುತ್ತದೆ. ಹಸಿ ಗಡ್ಡೆಗೆ ಫ್ರಿಜ್ ಬೇಡವೆಂದೆ, ಬೆಂದ ಹೋಳಿಗೆ ಆ ಭಯವಿಲ್ಲ, ಬೇಯುವಾಗಲೇ ಸಕ್ಕರೆ ಮಾಡುವ ಅದರ ಶಕ್ತಿ ನಿಂತುಹೋಗಿರುತ್ತದೆ. ಹೊರಗಿನ ಸೆಕೆಯಲ್ಲಿ ಮಾತ್ರ ಎರಡು ಗಂಟೆಗಿಂತ ಹೆಚ್ಚು ಹೊತ್ತು ಬಿಡಬಾರದು. ಫ್ರೀಜರಿನಲ್ಲಿ ಬಿಡಿಬಿಡಿಯಾಗಿ ಹೆಪ್ಪುಗಟ್ಟಿಸಿ, ಆಮೇಲೆ ಚೀಲಕ್ಕೆ ತುಂಬಿಟ್ಟರೆ ಒಂದು ತಿಂಗಳು ಬರುತ್ತದೆ. ಹೆಪ್ಪುಗಟ್ಟುವಾಗ ಮಂಜಿನ ಹರಳುಗಳು ಒಳಗಿನ ಕೋಶಗಳನ್ನು ಬಿರಿಸುವುದರಿಂದ ಒಳಗು ಇನ್ನಷ್ಟು ಹಗುರವಾಗುವುದು ಇದರ ಲಾಭ. ಅಂಥ ಹೋಳುಗಳನ್ನು ಕರಗಿಸದೆ ನೇರವಾಗಿ, ಆದರೆ ಮೇಲೆ ಕೂತ ಮಂಜಿನ ಪುಡಿಯನ್ನು ಚೆನ್ನಾಗಿ ಉದುರಿಸಿ, ಒಂದು ಸಲಕ್ಕೆ ಒಂದು ಹಿಡಿಯಷ್ಟೇ ಎಣ್ಣೆಗೆ ಬಿಡಬೇಕು.

ಎರಡನೆಯ ಸುತ್ತು: 180ಕ್ಕೆ ಕಾಯಿಸಿ, 175ರ ಆಸುಪಾಸಿನಲ್ಲಿ 3ರಿಂದ 4 ನಿಮಿಷ

ಈಗ ಒಳಗು ಬೆಂದಾಗಿದೆ. ಉಳಿದಿರುವುದು ಹೊರಗಿನ ಒಂದೆರಡು ಮಿಲಿಮೀಟರನ್ನು ಬೇಗನೆ ಒಣಗಿಸಿ ಬಣ್ಣ ತರುವುದು. ಹೊರಪದರದ ನೀರು ಪೂರ್ತಿ ಹೋದ ಮೇಲೆಯೇ ಅಲ್ಲಿನ ಕಾವು 100 ಡಿಗ್ರಿಯನ್ನು ದಾಟಿ ಮೇಲೇರುತ್ತದೆ, 140ರ ಆಚೆಗೆ ಹೊಂಬಣ್ಣವೂ ಕರಿದ ಗಡ್ಡೆಯ ಪರಿಮಳವೂ ಚುರುಕಾಗಿ ಮೂಡುತ್ತವೆ. ಎಣ್ಣೆ ಬಿಸಿಯಿದ್ದಷ್ಟೂ ಇದು ಬೇಗ ಆಗುವುದರಿಂದ ಒಳಗಿನ ತೇವ ಉಳಿಯುತ್ತದೆ.

ಹಾಗೆಂದು 190, 200ಕ್ಕೆ ಏರಿಸುವುದನ್ನು ನಾನು ಒಪ್ಪುವುದಿಲ್ಲ. ಪಿಷ್ಟವುಳ್ಳ ಪದಾರ್ಥಗಳನ್ನು 120 ಡಿಗ್ರಿಯ ಮೇಲೆ ಕರಿದಾಗ ಅಕ್ರಿಲಮೈಡ್ ಎಂಬ ಬೇಡದ ರಾಸಾಯನಿಕ ಉಂಟಾಗುತ್ತದೆಂದು 2002ರಲ್ಲಿ ಸ್ವೀಡನ್ನಿನ ಸಂಶೋಧಕರು ತೋರಿಸಿಕೊಟ್ಟರು. ಬಣ್ಣ ಗಾಢವಾದಷ್ಟೂ ಅದು ಹೆಚ್ಚು. ಯುರೋಪಿಯನ್ ಒಕ್ಕೂಟವು 2017ರಲ್ಲಿ ಹೊರಡಿಸಿದ ನಿಯಮಾವಳಿಯು ಚಿಪ್ಸ್ ಕರಿಯುವ ಎಣ್ಣೆಯನ್ನು 175 ಡಿಗ್ರಿಗಿಂತ ಕೆಳಗಿಡುವಂತೆ ಸಲಹೆ ಮಾಡುತ್ತದೆ. ಎಣ್ಣೆಯನ್ನು 180ಕ್ಕೆ ಕಾಯಿಸಿ ಹೋಳು ಬಿಟ್ಟರೆ ಅದು ಇಳಿದು, ಕರಿಯುವ ಹೊತ್ತಿನ ಬಹುಪಾಲು 165 ಮತ್ತು 175ರ ನಡುವೆ ಕಳೆಯುತ್ತದೆ. ಸರಿಯಾಗಿ ಆರಿಸಿದ ಹೋಳಿಗೆ ಅಷ್ಟು ಕಾವು ಧಾರಾಳವಾಯಿತು. 190 ಬೇಕೆನಿಸುವುದು ಸಾಮಾನ್ಯವಾಗಿ ಹೋಳು ಸಾಕಷ್ಟು ಆರದೆ ಇದ್ದಾಗ.

ಈ ಸುತ್ತಿನಲ್ಲಿ ಬಾಣಲೆಯನ್ನು ತುಂಬಬಾರದು. ಎರಡು ಲೀಟರ್ ಎಣ್ಣೆಗೆ ಒಂದು ಸಲಕ್ಕೆ 150 ಗ್ರಾಂ, ಹೆಚ್ಚೆಂದರೆ 200 ಗ್ರಾಂ. ಉರಿ ದೊಡ್ಡದಾಗಿಯೇ ಇರಲಿ. ಥರ್ಮಾಮೀಟರ್ ಇಲ್ಲದವರು ಒಮ್ಮೆ ಕರಿದ ಒಂದು ಹೋಳನ್ನು ಬಿಟ್ಟಾಗ ಅದು ಮೇಲೆಯೇ ತೇಲುತ್ತಾ, ಬಿದ್ದ ಕ್ಷಣದಿಂದಲೇ ಸುತ್ತಲೂ ದಟ್ಟ ಗುಳ್ಳೆ ಎಬ್ಬಿಸಿ ಜೋರಾಗಿ ಚುರುಗುಟ್ಟಬೇಕು. ಎಣ್ಣೆಯಿಂದ ಹೊಗೆ ಏಳುತ್ತಿದ್ದರೆ ಕಾವು ಮಿತಿ ಮೀರಿದೆ, ಉರಿ ಆರಿಸಿ ತಣಿಯಲು ಬಿಡಬೇಕು.

ಇಲ್ಲಿ ಕಣ್ಣಿನಷ್ಟೇ ಕಿವಿಯೂ ಕೆಲಸಕ್ಕೆ ಬರುತ್ತದೆ. ಮೊದಲ ಒಂದು ನಿಮಿಷ ಸದ್ದು ಒಂದೇ ಸಮನೆ ಜೋರಾಗಿರುತ್ತದೆ, ಅದು ಹೊರಪದರದ ನೀರು ಹೋಗುತ್ತಿರುವ ಸದ್ದು. ಎರಡನೆಯ ನಿಮಿಷ ಕಳೆದಂತೆ ಗುಳ್ಳೆಗಳು ಚಿಕ್ಕದಾಗಿ, ಸದ್ದು ತೆಳುವಾಗುತ್ತದೆ. ಮೂರನೆಯ ನಿಮಿಷದ ಹೊತ್ತಿಗೆ ಜಾಲರಿಯಿಂದ ಸರಿಸಿದರೆ ಹೋಳುಗಳು ಒಣ ಕಡ್ಡಿಗಳಂತೆ ಒಂದಕ್ಕೊಂದು ತಾಗಿ ಕಟಕಟ ಎನ್ನತೊಡಗುತ್ತವೆ. ಆ ಸದ್ದು ಬಂದ ಮೇಲೆ ಅರ್ಧ ನಿಮಿಷ ಬಿಟ್ಟು, ಬಣ್ಣ ಹೊಂಬಣ್ಣದಲ್ಲಿರುವಾಗಲೇ ತೆಗೆಯಬೇಕು, ಹೊರತೆಗೆದ ಮೇಲೂ ಬಣ್ಣ ಒಂದು ಛಾಯೆ ಏರುತ್ತದೆ. ಗುಳ್ಳೆಗಳು ಪೂರ್ತಿ ನಿಲ್ಲುವವರೆಗೆ ಕಾದರೆ ಒಳಗಿನ ತೇವವೂ ಹೋಗಿ ಹೋಳು ಟೊಳ್ಳಾಗುತ್ತದೆ.

ತೆಗೆದು, ಕುಲುಕಿ, ತಂತಿ ಜಾಲರಿಯ ಮೇಲೆ ಹರಡಿ, ಅರ್ಧ ನಿಮಿಷದೊಳಗೆ ನುಣ್ಣಗಿನ ಉಪ್ಪನ್ನು ಉದುರಿಸಬೇಕು. ಮೇಲಿನ ಎಣ್ಣೆಯ ಪಸೆ ಆರುವ ಮೊದಲು ಬಿದ್ದ ಉಪ್ಪು ಮಾತ್ರ ಅಂಟಿಕೊಳ್ಳುತ್ತದೆ. ಕರಿಯುವ ಮೊದಲು ಉಪ್ಪು ಹಾಕಿದರೆ ಅದು ಒಳಗಿನ ನೀರನ್ನು ಹೊರಗೆಳೆದು ಇಷ್ಟು ಹೊತ್ತು ಆರಿಸಿದ್ದನ್ನು ವ್ಯರ್ಥ ಮಾಡುತ್ತದೆ, ಎಣ್ಣೆಯನ್ನೂ ಬೇಗ ಕೆಡಿಸುತ್ತದೆ.

ಒಂದು ಕಿಲೋ ಗಡ್ಡೆಯ ಲೆಕ್ಕ

ಒಮ್ಮೆ ತಕ್ಕಡಿ ಇಟ್ಟುಕೊಂಡು ಮಾಡಿದ್ದನ್ನು ಹಾಗೆಯೇ ಬರೆಯುತ್ತೇನೆ. ಒಂದು ಕಿಲೋ ಗಡ್ಡೆ ಸಿಪ್ಪೆ, ತುದಿಗಳು ಕಳೆದು 800 ಗ್ರಾಂ ಹೋಳಾಯಿತು. ಎರಡು ಲೀಟರ್ ಎಣ್ಣೆ 150 ಡಿಗ್ರಿಗೆ ಬಂದಾಗ 400 ಗ್ರಾಂ ಬಿಟ್ಟೆ, ಒಂದು ನಿಮಿಷದಲ್ಲಿ 128ಕ್ಕೆ ಇಳಿಯಿತು. ಉರಿ ತುಸು ಏರಿಸಿ 132ರಲ್ಲಿ ನಿಲ್ಲಿಸಿ, ಒಟ್ಟು ಏಳು ನಿಮಿಷಕ್ಕೆ ತೆಗೆದೆ. ಎಣ್ಣೆ ಮತ್ತೆ 150ಕ್ಕೆ ಬಂದ ಮೇಲೆಯೇ ಉಳಿದ 400 ಗ್ರಾಂ ಹಾಕಿದೆ. ಎರಡೂ ಸೇರಿ ಆರಿದ ಮೇಲೆ ತೂಕ 600 ಗ್ರಾಂ ಇತ್ತು, ಅಂದರೆ ಮೊದಲ ಸುತ್ತು ಮತ್ತು ಬಿಡುವಿನಲ್ಲಿಯೇ ಕಾಲು ಪಾಲು ತೂಕ ಹೋಗಿತ್ತು. ಎರಡನೆಯ ಸುತ್ತಿಗೆ ಅದನ್ನು 150 ಗ್ರಾಂನ ನಾಲ್ಕು ಪಾಲು ಮಾಡಿದೆ. 180ರಲ್ಲಿ ಬಿಟ್ಟಾಗ 166ಕ್ಕೆ ಇಳಿದ ಎಣ್ಣೆ ಎರಡು ನಿಮಿಷದಲ್ಲಿ 174ಕ್ಕೆ ಏರಿತು, ಮೂರು ನಿಮಿಷ ಇಪ್ಪತ್ತು ಸೆಕೆಂಡಿಗೆ ತೆಗೆದೆ. ಪ್ರತಿ ಪಾಲಿಗೂ ಮೊದಲು ಎಣ್ಣೆ 180ಕ್ಕೆ ಮರಳಲು ಎರಡು ನಿಮಿಷ ಕಾದೆ. ಕೊನೆಗೆ ಸಿಕ್ಕಿದ್ದು ಸುಮಾರು 450 ಗ್ರಾಂ ಚಿಪ್ಸ್. ತೂಕ ಇದಕ್ಕಿಂತ ತುಂಬಾ ಕಡಿಮೆಯಾದರೆ ಒಳಗು ಒಣಗಿದೆ ಎಂದೂ, ಹೆಚ್ಚಾದರೆ ಗರಿ ಬೇಗ ಇಳಿಯಲಿದೆ ಎಂದೂ ಊಹಿಸಬಹುದು.

ಕೆಟ್ಟಾಗ ಕಾರಣ ಹುಡುಕುವುದು

ಹೊರಗು ಕಂದಿ ಒಳಗು ಗಟ್ಟಿಯಿದ್ದರೆ ಮೊದಲ ಸುತ್ತು ಸಾಕಾಗಿಲ್ಲ ಅಥವಾ ಹೆಚ್ಚು ಬಿಸಿಯಾಗಿತ್ತು. ಎರಡನೆಯ ಸುತ್ತಿನಲ್ಲಿ ಬಣ್ಣ ತೀರ ಬೇಗ, ಮಚ್ಚೆಮಚ್ಚೆಯಾಗಿ ಬಂದರೆ ಗಡ್ಡೆಯಲ್ಲಿ ಸಕ್ಕರೆ ಹೆಚ್ಚಿದೆ. ಅಂಥ ಗಡ್ಡೆಯನ್ನು ಆಗಲೇ ಹೆಚ್ಚಿಬಿಟ್ಟಿದ್ದರೆ ಎರಡನೆಯ ಸುತ್ತನ್ನು 165ಕ್ಕೆ ಇಳಿಸಿ ಒಂದಿಷ್ಟು ಕಾಪಾಡಬಹುದು, ಪೂರ್ತಿ ಸರಿಪಡಿಸಲಾಗದು. ಮೊದಲ ಸುತ್ತಿನಲ್ಲೇ ಹೋಳು ಮುರಿದು ಉದುರಿದರೆ ಅರ್ಧ ನಿಮಿಷ, ಒಂದು ನಿಮಿಷ ಮುಂಚೆ ತೆಗೆಯಬೇಕಿತ್ತು.

ಎಣ್ಣೆ ಸೋರುವ, ಜೋತುಬೀಳುವ ಚಿಪ್ಸ್‌ಗೆ ಕಾರಣ ಹೆಚ್ಚಾಗಿ ಬಾಣಲೆ ತುಂಬಿದ್ದು. 600 ಗ್ರಾಂ ಹೋಳನ್ನು ಒಟ್ಟಿಗೆ ಸುರಿದರೆ ಎಣ್ಣೆ 140ರ ಕೆಳಗಿಳಿದು ಬೇಗ ಮೇಲೇಳುವುದಿಲ್ಲ, ಹೆಸರಿಗೆ ಎರಡನೆಯ ಸುತ್ತಾದರೂ ನಿಜದಲ್ಲಿ ಮೊದಲ ಸುತ್ತೇ ಮತ್ತೊಮ್ಮೆ ನಡೆಯುತ್ತದೆ. ಇದನ್ನು ಸದ್ದಿನಿಂದಲೇ ಗುರುತಿಸಬಹುದು. ಹೋಳು ಬಿದ್ದಾಗ ಎದ್ದ ಚುರ್ರೆಂಬ ಸದ್ದು ಹತ್ತು ಸೆಕೆಂಡಿನಲ್ಲಿ ಮಂದವಾಗಿ ಪಿಸುಮಾತಿಗೆ ಇಳಿದರೆ ಕೂಡಲೇ ಅರ್ಧ ಹೋಳುಗಳನ್ನು ಎತ್ತಿಬಿಡಬೇಕು.

ಬಡಿಸುವವರೆಗೆ ಗರಿ ಉಳಿಯಬೇಕಾದರೆ ಮುಚ್ಚಿದ ಡಬ್ಬಿಗೆ ಹಾಕಬಾರದು, ಆಳವಾದ ಬಟ್ಟಲಿನಲ್ಲಿ ರಾಶಿ ಮಾಡಲೂ ಬಾರದು. ಅತಿಥಿಗಳಿಗೆಂದು ಮಾಡುವವರು ಮೊದಲ ಸುತ್ತನ್ನು ಬೆಳಗ್ಗೆಯೇ ಮುಗಿಸಿ, ತಣಿಸಿ ಫ್ರಿಜ್ಜಿನಲ್ಲಿಟ್ಟು, ಎರಡನೆಯ ಸುತ್ತನ್ನು ಎಲ್ಲರೂ ಕುಳಿತ ಮೇಲೆ ಪಾಲು ಪಾಲಾಗಿ ಮಾಡುವುದು ಅನುಕೂಲ. ಫ್ರಿಜ್ಜಿನಿಂದ ನೇರವಾಗಿ ಬಂದ ಹೋಳಿಗೆ ಅರ್ಧ ನಿಮಿಷ ಹೆಚ್ಚು ಬೇಕಾಗುತ್ತದೆ.

ಉಳಿದ ಎಣ್ಣೆಯನ್ನು ಪೂರ್ತಿ ತಣಿಸಿ, ಬಟ್ಟೆಯಲ್ಲಿ ಸೋಸಿ, ತಳದಲ್ಲಿ ಕೂತ ಪಿಷ್ಟದ ಚೂರುಗಳನ್ನು ಬಿಟ್ಟು ಮೇಲಿನದನ್ನು ಮಾತ್ರ ಕತ್ತಲಿನಲ್ಲಿ ಇಡಬಹುದು. ಮುಂದಿನ ಬಾರಿ 175 ಡಿಗ್ರಿಯಲ್ಲೇ ಹೊಗೆ ಕಂಡರೆ, ಅಥವಾ ಹೋಳು ಬಿಟ್ಟಾಗ ಎದ್ದ ನೊರೆ ಸಾಬೂನಿನ ನೊರೆಯಂತೆ ಒಡೆಯದೆ ನಿಂತರೆ, ಆ ಎಣ್ಣೆಯನ್ನು ಮತ್ತೆ ಬಳಸಬಾರದು.